ಸ್ಕ್ರೀನ್ ರೆಕಾರ್ಡಿಂಗ್‌ನಿಂದ ಚಿತ್ರಸಹಿತ ಕೈಪಿಡಿ: ಐದು ಸೆಕೆಂಡಿಗೊಂದು ಚಿತ್ರ ತೆಗೆದರೆ ಸಾಲದೇ?

ಓದುಗರ ಪ್ರಶ್ನೆ: "ಕಂಪ್ಯೂಟರಿನಲ್ಲಿ ಮಾಡುವ ಒಂದು ಕೆಲಸವನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ವಿಡಿಯೊ ನೋಡಲು ಯಾರಿಗೂ ಪುರುಸೊತ್ತಿಲ್ಲ, ಚಿತ್ರ ಮತ್ತು ವಿವರಣೆ ಇರುವ ಒಂದೆರಡು ಹಾಳೆ ಕೊಡಿ ಎನ್ನುತ್ತಾರೆ. ವಿಡಿಯೊದಿಂದ ಐದು ಸೆಕೆಂಡಿಗೊಂದು ಚಿತ್ರ ತಾನಾಗಿ ಬರುವಂತೆ ಮಾಡಿ, ಅವುಗಳ ಕೆಳಗೆ ಒಂದೊಂದು ಸಾಲು ಬರೆದರೆ ಆಗುವುದಿಲ್ಲವೇ?"

ಆಗುವುದಿಲ್ಲ. ಈ ಪ್ರಶ್ನೆ ನನಗೆ ಎಷ್ಟು ಬಾರಿ ಬಂದಿದೆಯೆಂದರೆ, ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಲು ಕೊಡಬೇಕೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಹೀಗೆ ಚಿತ್ರ ತೆಗೆಯುವುದು ಸಾಧ್ಯವೇ ಎಂದು ಕೇಳಿದರೆ ಖಂಡಿತ ಸಾಧ್ಯ, `ffmpeg` ಎಂಬ ಉಚಿತ ತಂತ್ರಾಂಶದ ಒಂದೇ ಸಾಲಿನ ಆದೇಶ ಸಾಕು:

```
ffmpeg -i kannada.mp4 -vf fps=1/5:round=up c_%03d.png
```

ಇದರಿಂದ ಏನು ಸಿಗುತ್ತದೆ ಎಂಬುದನ್ನು ನಾನೇ ಮಾಡಿ ನೋಡಿದ ಒಂದು ರೆಕಾರ್ಡಿಂಗ್ ಹಿಡಿದು ಹೇಳುತ್ತೇನೆ. ವಿಂಡೋಸ್ 11ರಲ್ಲಿ ಕನ್ನಡ ಕೀಲಿಮಣೆ ಸೇರಿಸುವುದು ಹೇಗೆಂದು ಕೆಲವು ಶಿಕ್ಷಕರಿಗೆ ತೋರಿಸಲು ಮಾಡಿದ ರೆಕಾರ್ಡಿಂಗ್ ಅದು. ಅವಧಿ 2 ನಿಮಿಷ 40 ಸೆಕೆಂಡು, ಅಂದರೆ ಮೇಲಿನ ಆದೇಶಕ್ಕೆ ಸುಮಾರು 32 ಚಿತ್ರಗಳು. ಮಾಡಬೇಕಾದ ಕೆಲಸದಲ್ಲಿ ಇರುವುದು ಎಂಟೇ ಹಂತ. 32ರಲ್ಲಿ ಬೇಡದ 24ನ್ನು ಅಳಿಸಿದರೆ ಮುಗಿಯಿತಲ್ಲ ಎಂದು ತೋರುತ್ತದೆ, ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ.

ಆ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ನೋಡಿದಾಗ 13 ಚಿತ್ರಗಳಲ್ಲಿ ಭಾಷೆ ಇನ್‌ಸ್ಟಾಲ್ ಆಗುತ್ತಿರುವ ಪಟ್ಟಿಯಷ್ಟೇ ಇತ್ತು. ಹುಡುಕುವ ಜಾಗದಲ್ಲಿ `Kannada` ಎಂದು ಟೈಪ್ ಮಾಡುತ್ತಿದ್ದಾಗಿನವು ಮೂರು, ಮೌಸ್ ಬಾಣ ಎಲ್ಲೋ ಮಧ್ಯದಲ್ಲಿ ಸುಮ್ಮನೆ ನಿಂತಿದ್ದವು ಆರೇಳು. ಆದರೆ `Next` ಬಟನ್ ಒತ್ತುವ ಹಂತ ಯಾವ ಚಿತ್ರದಲ್ಲಿಯೂ ಇರಲಿಲ್ಲ. ನಾನು ಆ ಬಟನ್ ಒತ್ತಿದ್ದು 57ನೆಯ ಸೆಕೆಂಡಿನಲ್ಲಿ. 55ನೆಯ ಸೆಕೆಂಡಿನ ಚಿತ್ರದಲ್ಲಿ ಬಾಣ ಇನ್ನೂ ಭಾಷೆಗಳ ಪಟ್ಟಿಯ ಮೇಲಿದೆ, 60ನೆಯ ಸೆಕೆಂಡಿನ ಚಿತ್ರದಲ್ಲಿ ಮುಂದಿನ ಪುಟ ತೆರೆದುಕೊಂಡಿದೆ. ಬೇಡದ್ದನ್ನು ಅಳಿಸಬಹುದು, ಆದರೆ ಇಲ್ಲದ್ದನ್ನು ಎಲ್ಲಿಂದ ತರುವುದು? ಮಧ್ಯಂತರವನ್ನು ಒಂದು ಸೆಕೆಂಡಿಗೆ ಇಳಿಸಿದರೆ 160 ಚಿತ್ರ ಬರುತ್ತವೆ. ಅಷ್ಟನ್ನು ಒಂದೊಂದಾಗಿ ನೋಡಿ ಆರಿಸುವ ಹೊತ್ತಿಗೆ ವಿಡಿಯೊವನ್ನು ಎರಡು ಬಾರಿ ನೋಡಿ ಮುಗಿಸಬಹುದು.

ಇದಕ್ಕೆ ಕಾರಣ ಸರಳವಾಗಿದೆ. ಹಂತವೆಂಬುದು ಗಡಿಯಾರಕ್ಕೆ ಸೇರಿದ್ದಲ್ಲ, ಕ್ಲಿಕ್ಕಿಗೆ ಸೇರಿದ್ದು. ಒಂದು ನಿಮಿಷ ಕಾಯುವುದೂ ಒಂದು ಹಂತವೇ, ಅರೆ ಸೆಕೆಂಡಿನಲ್ಲಿ ಒತ್ತುವುದೂ ಒಂದು ಹಂತವೇ. ವಿಂಡೋಸ್ 7ರಿಂದ ಬಂದ ಸ್ಟೆಪ್ಸ್ ರೆಕಾರ್ಡರ್ ಎಂಬ ಸಾಧನವು ಪ್ರತಿ ಕ್ಲಿಕ್ಕಿಗೆ ಒಂದೊಂದು ಚಿತ್ರ ತೆಗೆಯುತ್ತಿದ್ದುದು ಇದೇ ಕಾರಣಕ್ಕೆ.

ಈ ಮಾತನ್ನು ಒಪ್ಪಿಕೊಂಡವರು ಸಾಮಾನ್ಯವಾಗಿ ಅದೇ ನಂಬಿಕೆಯ ಎರಡನೆಯ ರೂಪಕ್ಕೆ ಹೋಗುತ್ತಾರೆ: "ಸರಿ, ಹಾಗಾದರೆ ಪರದೆ ಬದಲಾದಾಗಲೆಲ್ಲ ಒಂದು ಚಿತ್ರ ತೆಗೆಯುವಂತೆ ಮಾಡೋಣ." ಅದಕ್ಕೂ ಆದೇಶವಿದೆ:

```
ffmpeg -i kannada.mp4 -vf "select='gt(scene,0.3)'" -fps_mode vfr d_%03d.png
```

ಇದು ಹಿಂದಿನ ಫ್ರೇಮಿಗೂ ಈಗಿನ ಫ್ರೇಮಿಗೂ ಇರುವ ವ್ಯತ್ಯಾಸವನ್ನು 0ರಿಂದ 1ರವರೆಗಿನ ಒಂದು ಅಂಕಿಯಲ್ಲಿ ಅಳೆದು, 0.3ಕ್ಕಿಂತ ಹೆಚ್ಚಿದ್ದರೆ ಆ ಫ್ರೇಮನ್ನು ಉಳಿಸಿಕೊಳ್ಳುತ್ತದೆ. ಸಿನಿಮಾದಲ್ಲಿ ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವುದನ್ನು ಹಿಡಿಯಲು ಇದು ಒಳ್ಳೆಯ ಉಪಾಯ. ಆದರೆ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಒಂದು ಬಿಳಿ ಪುಟ ಹೋಗಿ ಇನ್ನೊಂದು ಬಿಳಿ ಪುಟ ಬರುತ್ತದೆ. ಕೀಲಿಮಣೆ ಬದಲಿಸಲು `Win+Space` ಒತ್ತಿದಾಗ ಮೂಲೆಯಲ್ಲಿ ಅಂಗೈಯಗಲದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ, ಉಳಿದ ಪರದೆ ಇದ್ದಂತೆಯೇ ಇರುತ್ತದೆ. ಓದುಗನಿಗೆ ಅದೇ ಮುಖ್ಯ ಹಂತ, ಅಂಕಿಯ ಲೆಕ್ಕದಲ್ಲಿ ಮಾತ್ರ ಅದು ನಗಣ್ಯ. ಅಂಕಿಯನ್ನು ತೀರ ಕೆಳಗಿಳಿಸಿದರೆ ಪುಟವನ್ನು ಸ್ಕ್ರಾಲ್ ಮಾಡಿದಾಗಲೆಲ್ಲ ಹತ್ತಾರು ಚಿತ್ರಗಳು ಬಂದು ಬೀಳುತ್ತವೆ.

ಇದಕ್ಕಿಂತ ದೊಡ್ಡ ದೋಷವೊಂದಿದೆ, ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಈ ವಿಧಾನ ಹಿಡಿಯುವುದು ಬದಲಾವಣೆಯ ನಂತರದ ಫ್ರೇಮನ್ನು. ಅಂದರೆ ನೀವು ಒತ್ತಬೇಕಾದ ಬಟನ್ ಆ ಚಿತ್ರದಲ್ಲಿ ಆಗಲೇ ಮಾಯವಾಗಿರುತ್ತದೆ. ಮೊದಮೊದಲು ನಾನೂ ಇಂಥ ಚಿತ್ರಗಳನ್ನೇ ಬಳಸಿ ಕೈಪಿಡಿ ಮಾಡಿ ಕೊಟ್ಟಿದ್ದೆ. ಮರುದಿನ ಒಬ್ಬ ಮೇಡಂ ಫೋನ್ ಮಾಡಿ, "ಸರ್, ಆರನೇ ಚಿತ್ರದ ಕೆಳಗೆ `Next` ಒತ್ತಿ ಅಂತ ಬರೆದಿದ್ದೀರಿ, ಚಿತ್ರದಲ್ಲಿ `Next` ಅನ್ನೋದೇ ಇಲ್ಲವಲ್ಲ?" ಎಂದು ಕೇಳಿದರು. ಅವರು ಹೇಳಿದ್ದು ಅಕ್ಷರಶಃ ನಿಜ, ಆ ಚಿತ್ರದಲ್ಲಿ ಇದ್ದದ್ದು ಮುಂದಿನ ಪುಟ. ಕೈಪಿಡಿ ಹಿಡಿದು ಕುಳಿತವರಿಗೆ ಬೇಕಾಗಿರುವುದು ಒತ್ತುವ ಮುನ್ನ ಪರದೆ ಹೇಗಿರುತ್ತದೆ ಎಂಬುದು, ಏಕೆಂದರೆ ಅವರ ಕಣ್ಣೆದುರಿಗಿರುವ ಪರದೆ ಅದೇ. ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಮುಂದಿನ ಹಂತದ ಚಿತ್ರವೇ ತೋರಿಸುತ್ತದೆ.

ಆದ್ದರಿಂದ ಚಿತ್ರವನ್ನು ಆರಿಸುವ ಕೆಲಸ ಮನುಷ್ಯರದ್ದೇ, ಅದಕ್ಕೆ ತಗಲುವ ಸಮಯವೂ ಹೆಚ್ಚಲ್ಲ. ವಿಡಿಯೊವನ್ನು `mpv` ಪ್ಲೇಯರಿನಲ್ಲಿ ತೆರೆದು, ಪ್ರತಿ ಕ್ಲಿಕ್ಕಿನ ಹತ್ತಿರ ನಿಲ್ಲಿಸಿ. ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ ಹೋಗುತ್ತದೆ. ಬಾಣ ಬಟನ್ನಿನ ಮೇಲೆ ಬಂದು ನಿಂತಿರುವ, ಆದರೆ ಪುಟ ಇನ್ನೂ ಬದಲಾಗದ ಕ್ಷಣ ಯಾವುದೆಂದು ನೋಡಿ, ಆ ಸಮಯವನ್ನೂ ಆ ಹಂತದಲ್ಲಿ ಮಾಡುವ ಕ್ರಿಯೆಯನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ನನ್ನ ಕಾಗದದಲ್ಲಿ 12 ಸೆಕೆಂಡು `Time & language`, 19 ಸೆಕೆಂಡು `Language & region`, 31 ಸೆಕೆಂಡು `Add a language`, ಹೀಗೆ ಎಂಟು ಸಾಲುಗಳಿದ್ದವು. ನಂತರ ಒಂದೊಂದು ಸಾಲಿಗೆ ಒಂದೊಂದು ಆದೇಶ:

```
ffmpeg -ss 00:00:57.400 -i kannada.mp4 -frames:v 1 06.png
```

ಒಂದು ವಿಷಯದಲ್ಲಿ ಎಚ್ಚರವಿರಲಿ. ಹೊಸ ಪುಟ ತೆರೆದ ಮರುಕ್ಷಣದ ಫ್ರೇಮನ್ನು ಎಂದೂ ಆರಿಸಬೇಡಿ. ಪರದೆ ಥಟ್ಟನೆ ಬದಲಾದಾಗ ವಿಡಿಯೊದ ಸಂಕುಚನಕ್ಕೆ ಅಷ್ಟೂ ಹೊಸ ವಿವರಗಳನ್ನು ಒಮ್ಮೆಲೇ ತುಂಬಿಕೊಳ್ಳಲು ಆಗದೆ, ಅಕ್ಷರಗಳ ಸುತ್ತ ಮಸುಕು ಉಳಿಯುತ್ತದೆ. ಅರ್ಧ ಸೆಕೆಂಡು ಕಳೆದ ಮೇಲೆ ಅದೇ ಅಕ್ಷರಗಳು ಸ್ವಚ್ಛವಾಗುತ್ತವೆ. ಒತ್ತುವ ಮುನ್ನಿನ ಫ್ರೇಮನ್ನೇ ಆರಿಸುವ ಅಭ್ಯಾಸವಿದ್ದರೆ ಈ ತೊಂದರೆಯೂ ತಾನಾಗಿ ತಪ್ಪುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಪುಟ ನೆಲೆಗೊಂಡಿರುತ್ತದೆ. ಹೊಸದಾಗಿ ರೆಕಾರ್ಡ್ ಮಾಡುವವರು ಪ್ರತಿ ಬಟನ್ನಿನ ಮೇಲೆ ಬಾಣವನ್ನು ತಂದು, ಒಂದು ಸೆಕೆಂಡು ತಡೆದು, ಆಮೇಲೆ ಒತ್ತಿದರೆ ಮುಂದಿನ ಕೆಲಸ ಅರ್ಧಕ್ಕರ್ಧ ಹಗುರಾಗುತ್ತದೆ.

ತೆಗೆದ ಚಿತ್ರವನ್ನು ಇಡಿಯಾಗಿ ಹಾಕಬೇಡಿ. 1920 ಪಿಕ್ಸೆಲ್ ಅಗಲದ ಪರದೆಯನ್ನು ಎ4 ಹಾಳೆಯ 17 ಸೆಂಟಿಮೀಟರಿಗೆ ಕುಗ್ಗಿಸಿದರೆ ಬಟನ್ನಿನ ಮೇಲಿನ ಅಕ್ಷರಗಳನ್ನು ಓದಲು ಭೂತಗನ್ನಡಿ ಬೇಕಾಗುತ್ತದೆ. ಬಟನ್ ಮತ್ತು ಅದು ಕಿಟಕಿಯಲ್ಲಿ ಎಲ್ಲಿದೆ ಎಂದು ತಿಳಿಯುವಷ್ಟು ಸುತ್ತಲಿನ ಭಾಗ, ಸುಮಾರು 800 ಪಿಕ್ಸೆಲ್ ಅಗಲ ಉಳಿಸಿಕೊಂಡರೆ ಸಾಕು. ಗುರುತಿಗೆ ಕೆಂಪು ಚೌಕ ಹಾಕುವವರು ಗೆರೆಯನ್ನು ದಪ್ಪಗಿಟ್ಟು ಪಕ್ಕದಲ್ಲಿ ಹಂತದ ಸಂಖ್ಯೆಯನ್ನೂ ಬರೆಯಬೇಕು, ಜೆರಾಕ್ಸ್ ಆದ ಮೇಲೆ ಕೆಂಪು ಗೆರೆಯೂ ಬೂದುಬಣ್ಣದ ಗೆರೆಯೂ ಒಂದೇ.

ಇನ್ನು ಚಿತ್ರದಡಿಯ ಸಾಲು. ಇಲ್ಲಿ ಕನ್ನಡದ ವಾಕ್ಯರಚನೆ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಎಲ್ಲಿ ನೋಡಬೇಕು, ಏನನ್ನು ಹುಡುಕಬೇಕು, ಏನು ಮಾಡಬೇಕು ಎಂಬ ಕ್ರಮ ಓದುಗನ ಕಣ್ಣು ಚಲಿಸುವ ಕ್ರಮಕ್ಕೆ ಸರಿಯಾಗಿ ಹೊಂದುತ್ತದೆ: "ಬಲಗಡೆ ಇರುವ `Add a language` ಬಟನ್ ಒತ್ತಿ." ಒಂದು ಸಾಲಿಗೆ ಒಂದೇ ಕ್ರಿಯೆ ಇರಲಿ. ಬಟನ್ನಿನ ಹೆಸರನ್ನು ಮಾತ್ರ ಕನ್ನಡಕ್ಕೆ ತಿರುಗಿಸಬೇಡಿ. "ಭಾಷೆ ಸೇರಿಸಿ ಎಂಬ ಬಟನ್ ಒತ್ತಿ" ಎಂದು ಬರೆದರೆ ಇಂಗ್ಲಿಷ್ ಪರದೆಯ ಮುಂದೆ ಕುಳಿತವರಿಗೆ ಅಂಥ ಬಟನ್ ಸಿಗುವುದಿಲ್ಲ. ಇಂಗ್ಲಿಷ್ ಸರಾಗವಾಗಿ ಬಾರದವರೂ ಅಕ್ಷರಗಳ ಆಕಾರವನ್ನು ಹೋಲಿಸಿ ನೋಡಿ ಗುರುತು ಹಿಡಿಯಬಲ್ಲರು, ಆ ಅನುಕೂಲವನ್ನು ಅವರಿಂದ ಕಸಿಯಬಾರದು. ತಪ್ಪಲು ಅವಕಾಶವಿರುವ ಕಡೆ ಮಾತ್ರ ಎರಡನೆಯ ಸಾಲು ಸೇರಿಸಿ. ನನ್ನ ಕೈಪಿಡಿಯ ಏಳನೆಯ ಹಂತದಲ್ಲಿ "`Set as my Windows display language` ಎಂಬಲ್ಲಿ ಗುರುತು ಇರಕೂಡದು, ಇದ್ದರೆ ತೆಗೆದು, ನಂತರ `Install` ಒತ್ತಿ" ಎಂದು ಬರೆದಿದ್ದೇನೆ. ಏಕೆಂದರೆ ಆ ಗುರುತು ಉಳಿದರೆ ವಿಂಡೋಸಿನ ಮೆನುಗಳ ಭಾಷೆಯೇ ಬದಲಾಗಿ, ಮುಂದಿನ ಚಿತ್ರಗಳಿಗೂ ಅವರ ಪರದೆಗೂ ತಾಳೆಯಾಗುವುದಿಲ್ಲ.

ಯಾರೂ ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಸೆಟ್ಟಿಂಗ್ಸ್ ಕಿಟಕಿಯ ಎಡ ಮೇಲ್ಭಾಗದಲ್ಲಿ ಬಳಕೆದಾರರ ಹೆಸರು ಮತ್ತು ಇಮೇಲ್ ವಿಳಾಸ ಕಾಣುತ್ತವೆ. ಅದನ್ನು ಹಲವರು ಮಸುಕು ಮಾಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಆದರೆ ಹಗುರವಾಗಿ ಮಸುಕಾದ ಅಥವಾ ಚೌಕಚೌಕವಾದ ಅಕ್ಷರಗಳಿಂದ ಮೂಲ ಅಕ್ಷರವನ್ನು ಊಹಿಸಿ ತೆಗೆಯುವುದು ಸಾಧ್ಯ. ಅದರ ಮೇಲೆ ಒಂದೇ ಬಣ್ಣದ ಗಟ್ಟಿ ಪಟ್ಟಿಯನ್ನು ಎಳೆದು, ಚಿತ್ರವನ್ನು ಹೊಸ `PNG` ಕಡತವಾಗಿ ಉಳಿಸಬೇಕು. ಕತ್ತರಿಸಿದ್ದೇನೆ ಎಂದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ವರ್ಡ್‌ನೊಳಗೆ ಚಿತ್ರವನ್ನು ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಕಡತದೊಳಗೆ ಹಾಗೆಯೇ ಕುಳಿತಿರುತ್ತದೆ. ಕಡತ ಪಡೆದವರು ಕ್ರಾಪ್ ಹಿಂದೆಗೆದರೆ ಅದು ಪೂರ್ತಿ ಕಾಣುತ್ತದೆ. `Compress Pictures` ಒಳಗಿನ `Delete cropped areas of pictures` ಆಯ್ಕೆಯನ್ನು ಬಳಸಿದಾಗ ಮಾತ್ರ ಅದು ನಿಜವಾಗಿ ಅಳಿಯುತ್ತದೆ. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನಿನ ಮಾರ್ಕಪ್ ಸಾಧನದಲ್ಲಿಯೂ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿಯೂ ಇದೇ ಜಾತಿಯ ದೋಷ ಬಯಲಾಯಿತು. ಕತ್ತರಿಸಿದ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಉಳಿಸಿದಾಗ, ಹಳೆಯ ಚಿತ್ರದ ಬಾಲ ಹೊಸ ಕಡತದ ಕೊನೆಯಲ್ಲಿ ಉಳಿದುಬಿಡುತ್ತಿತ್ತು. ಅವೆರಡೂ ಅಪ್‌ಡೇಟ್‌ಗಳಲ್ಲಿ ಸರಿಯಾದವು, ಆದರೆ ಅದಕ್ಕೂ ಮೊದಲು ಹಾಗೆ ಕತ್ತರಿಸಿ ಹಂಚಿದ ಚಿತ್ರಗಳು ಸರಿಯಾಗಲಿಲ್ಲ. ಆದ್ದರಿಂದ ನಾನು ಕತ್ತರಿಸುವ ಕೆಲಸವನ್ನೂ ಫ್ರೇಮ್ ತೆಗೆಯುವಾಗಲೇ ಮುಗಿಸುತ್ತೇನೆ, ಇಮೇಲ್ ಇರುವ ಭಾಗ ಹೊಸ ಕಡತದೊಳಗೆ ಬರುವುದೇ ಇಲ್ಲ:

```
ffmpeg -ss 00:00:31.200 -i kannada.mp4 -frames:v 1 -vf crop=800:450:900:200 04.png
```

ಇಲ್ಲಿನ ಮೊದಲ ಎರಡು ಅಂಕಿಗಳು ಉಳಿಸಿಕೊಳ್ಳುವ ಭಾಗದ ಅಗಲ ಮತ್ತು ಎತ್ತರ, ಮುಂದಿನ ಎರಡು ಎಡದಿಂದ ಮತ್ತು ಮೇಲಿನಿಂದ ಎಷ್ಟು ಪಿಕ್ಸೆಲ್ ಬಿಡಬೇಕೆಂಬ ಲೆಕ್ಕ. ನಿಮ್ಮ ಕಿಟಕಿ ಪರದೆಯ ಬೇರೆ ಜಾಗದಲ್ಲಿದ್ದರೆ ಕೊನೆಯ ಎರಡನ್ನು ಬದಲಿಸಿಕೊಳ್ಳಿ.