ವಿಲೋಮ ಫಲನವನ್ನು ಬಿಡಿಸದೆಯೇ ಅದರ ಅನುಕಲನ

f(x) = x³ + x ಎಂಬ ಫಲನ ಎಲ್ಲೆಡೆ ಏರುತ್ತಲೇ ಹೋಗುತ್ತದೆ, ಹಾಗಾಗಿ ಅದಕ್ಕೆ ವಿಲೋಮ ಇದ್ದೇ ಇದೆ. ಈಗ ಆ ವಿಲೋಮವನ್ನು 0 ಯಿಂದ 2 ರವರೆಗೆ ಅನುಕಲಿಸಬೇಕು ಎಂದಿಟ್ಟುಕೊಳ್ಳಿ. ಮೊದಲು ಹೊಳೆಯುವ ದಾರಿ, x³ + x = y ಅನ್ನು x ಗಾಗಿ ಬಿಡಿಸುವುದು. ಘನ ಸಮೀಕರಣದ ಸೂತ್ರ ಹಚ್ಚಿದರೆ ಉತ್ತರ ಸಿಗುತ್ತದೆ, ಆದರೆ ಅದರ ರೂಪ ಹೀಗಿದೆ:

f⁻¹(y) = ∛( y/2 + √(y²/4 + 1/27) ) + ∛( y/2 − √(y²/4 + 1/27) )

ಘನಮೂಲದೊಳಗೆ ವರ್ಗಮೂಲ, ಅದೂ ಎರಡು ಸಲ. ಇದನ್ನು ನೇರವಾಗಿ ಅನುಕಲಿಸಲು ಹೊರಟರೆ ಒಂದೆರಡು ಪುಟ ತುಂಬುತ್ತದೆ. ವಾಸ್ತವದಲ್ಲಿ ಇದರ ಉತ್ತರ 5/4. ಅದು ಬರಲು ಈ ಸೂತ್ರವನ್ನು ಬರೆಯುವ ಅಗತ್ಯವೇ ಇಲ್ಲ.

ದಾರಿ ಇದು. ∫ f⁻¹(y) dy ಯನ್ನು ಭಾಗಶಃ ಅನುಕಲಿಸುವಾಗ ಒಂದು ಭಾಗ f⁻¹(y), ಇನ್ನೊಂದು ಭಾಗ ಬರಿಯ dy. ln y ಯನ್ನು ಅನುಕಲಿಸುವಾಗ ಎಲ್ಲರೂ ಮಾಡುವ ಹಂಚಿಕೆಯೇ ಇದು. ಮೊದಲ ಪದ y·f⁻¹(y), ಉಳಿಯುವುದು ∫ y·(f⁻¹)′(y) dy. ಇಲ್ಲಿ x = f⁻¹(y) ಎಂದು ಬದಲಿಸಿ. ಆಗ (f⁻¹)′(y) dy ಎಂಬುದು dx ಆಗುತ್ತದೆ, y ಎಂಬುದು f(x) ಆಗುತ್ತದೆ. ವಿಲೋಮದ ಅವಕಲನ ಯಾವುದೆಂದು ಕಂಡುಹಿಡಿಯುವ ಮೊದಲೇ ಅದು ಕಣ್ಮರೆಯಾಯಿತು. ಕೈಯಲ್ಲಿ ಉಳಿದದ್ದು ∫ f(x) dx ಮಾತ್ರ. f ನ ಅನುಕಲನವನ್ನು F ಎಂದು ಕರೆದರೆ:

∫ f⁻¹(y) dy = y·f⁻¹(y) − F(f⁻¹(y)) + C

ಮಿತಿಗಳಿರುವ ರೂಪ ಇನ್ನೂ ಹಗುರ. c = f(a), d = f(b) ಆಗಿದ್ದರೆ:

∫ f⁻¹(y) dy (c ಯಿಂದ d) = b·d − a·c − ∫ f(x) dx (a ಯಿಂದ b)

ಫ್ರೆಂಚ್ ಗಣಿತಜ್ಞ ಚಾರ್ಲ್ಸ್-ಆಂಜ್ ಲೈಸಾಂ 1905 ರಲ್ಲಿ ಈ ಸೂತ್ರವನ್ನು ಪ್ರಕಟಿಸಿದರು. ಮೇಲಿನ ಸಾಧನೆಗೆ f ನ ಅವಕಲನ ಇರಬೇಕು, ಆದರೆ ಸೂತ್ರಕ್ಕೆ ಅಷ್ಟೂ ಬೇಕಿಲ್ಲ. f ನಿರಂತರವಾಗಿದ್ದು ವಿಲೋಮ ಇದ್ದರೆ ಸಾಕು. ಗ್ರಾಫ್ ಬರೆದು ನೋಡಿದರೆ ಕಾರಣ ಕಾಣುತ್ತದೆ. a, c ಎರಡೂ ಸೊನ್ನೆಯಾಗಿದ್ದು f ಏರುವ ಫಲನವಾಗಿದ್ದರೆ, b ಅಗಲ d ಎತ್ತರದ ಆಯತವನ್ನು ವಕ್ರರೇಖೆ ಎರಡು ತುಂಡಾಗಿ ಸೀಳುತ್ತದೆ. ಕೆಳಗಿನ ತುಂಡು f ನ ಅನುಕಲನ, ಎಡಗಡೆಯ ಮೇಲಿನ ತುಂಡು ವಿಲೋಮದ ಅನುಕಲನ.

ಈಗ ನಮ್ಮ ಲೆಕ್ಕ. y ನ ಮಿತಿಗಳು 0 ಮತ್ತು 2. x³ + x = 0 ಆಗುವುದು x = 0 ಯಲ್ಲಿ, 2 ಆಗುವುದು x = 1 ರಲ್ಲಿ. ಆಯತದ ವಿಸ್ತೀರ್ಣ 1 × 2 = 2. ಅದರಿಂದ ಕಳೆಯಬೇಕಾದದ್ದು 0 ಯಿಂದ 1 ರವರೆಗೆ x³ + x ನ ಅನುಕಲನ, ಅಂದರೆ 1/4 + 1/2 = 3/4. ಉತ್ತರ 5/4.

ತಪ್ಪು ನುಸುಳುವ ಜಾಗ ಆ ಮಿತಿಗಳೇ. ಪ್ರಶ್ನೆಯಲ್ಲಿ 0 ಯಿಂದ 2 ಎಂದು ಕೊಟ್ಟಿರುತ್ತಾರೆ; ಕೈ ಅದೇ ಮಿತಿಯನ್ನು f ನ ಅನುಕಲನಕ್ಕೂ ಹಾಕಿಬಿಡುತ್ತದೆ. ಹಾಗೆ ಮಾಡಿದರೆ 0 ಯಿಂದ 2 ರವರೆಗಿನ ಅನುಕಲನ 4 + 2 = 6 ಆಗಿ, ಉತ್ತರ 2 − 6 = −4 ಎಂದು ಬರುತ್ತದೆ. ಈ ವ್ಯಾಪ್ತಿಯಲ್ಲಿ ವಿಲೋಮ ಎಲ್ಲೂ ಋಣವಲ್ಲ, ಆದ್ದರಿಂದ −4 ತಪ್ಪೆಂದು ತಕ್ಷಣ ಗೊತ್ತಾಗುತ್ತದೆ. ಉತ್ತರ ಧನವಾಗಿ ಬಂದರೂ ಒಂದು ಒರಟು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲಿ ವಿಲೋಮದ ಬೆಲೆ 0 ಯಿಂದ 1 ಕ್ಕೆ ಏರುತ್ತದೆ, ಅದರ ಗ್ರಾಫ್ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯ ಮೇಲೆ ಬಾಗಿದೆ. ಹಾಗಾಗಿ ಉತ್ತರ 1 ಕ್ಕೂ 2 ಕ್ಕೂ ನಡುವೆ ಇರಲೇಬೇಕು. ಇನ್ನೂ ಖಚಿತ ಬೇಕಿದ್ದರೆ ಸಿಂಪ್ಸನ್ ನಿಯಮ ಹಾಕಿ: f⁻¹(1) ಸುಮಾರು 0.6823, ಆದ್ದರಿಂದ (0 + 4 × 0.6823 + 1)/3 ≈ 1.243. 1.25 ರ ಪಕ್ಕದಲ್ಲೇ ಇದೆ.

ಮೇಲಿನ ಮಿತಿ 2 ಆಗಿದ್ದದ್ದು ನಮ್ಮ ಅದೃಷ್ಟ. ಅದು 3 ಆಗಿದ್ದರೆ? x³ + x = 3 ಕ್ಕೆ ಅಂದವಾದ ಮೂಲ ಇಲ್ಲ. ಇಲ್ಲಿಗೆ ಬಂದ ಕೂಡಲೇ ವಿಧಾನ ಕೈಕೊಟ್ಟಿತು ಎಂದು ಬಿಡುವವರಿದ್ದಾರೆ, ಆದರೆ ಇದರ ನಿಜವಾದ ಸೊಗಸು ಇಲ್ಲೇ ಇದೆ. ಮೂಲವನ್ನು ಒರಟಾಗಿ 1.2 ಎಂದು ಊಹಿಸಿ. ಆಗ

3 × 1.2 − (1.2⁴/4 + 1.2²/2) = 3.6 − (0.5184 + 0.72) = 2.3616

ಮೂಲದ ನಿಖರ ಬೆಲೆ ಸುಮಾರು 1.2134, ಅದನ್ನು ಹಾಕಿದರೆ ಉತ್ತರ 2.3621. ಮೂಲದಲ್ಲಿ 0.0134 ರಷ್ಟು ತಪ್ಪಿದ್ದರೂ ಉತ್ತರದಲ್ಲಿ ತಪ್ಪು ಬರೀ 0.0005. ಕಾರಣ ಸರಳ: 3x − F(x) ಅನ್ನು x ನ ಫಲನವಾಗಿ ನೋಡಿ ಅವಕಲಿಸಿದರೆ 3 − f(x) ಸಿಗುತ್ತದೆ, ನಿಜವಾದ ಮೂಲದಲ್ಲಿ ಅದು ಸೊನ್ನೆ. ಅಂದರೆ ಆ ಜಾಗದಲ್ಲಿ ಗ್ರಾಫ್ ಶಿಖರದ ಮೇಲಿದೆ, ಅಲ್ಲಿ ಕೊಂಚ ಅತ್ತಿತ್ತ ಸರಿದರೂ ಎತ್ತರ ಹೆಚ್ಚು ಕುಗ್ಗುವುದಿಲ್ಲ. ಮೂಲದ ತಪ್ಪು δ ಆದರೆ ಉತ್ತರದ ತಪ್ಪು ಸುಮಾರು f′(x)·δ²/2. f ಏರುವ ಫಲನವಾಗಿದ್ದರೆ, ಊಹೆ ಮೂಲದ ಯಾವ ಕಡೆ ಇದ್ದರೂ ಉತ್ತರ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಹಾಗಾಗಿ ಎರಡು ಊಹೆಗಳನ್ನು ಹೋಲಿಸಿದಾಗ ದೊಡ್ಡ ಉತ್ತರ ಕೊಟ್ಟದ್ದೇ ಹೆಚ್ಚು ಸರಿ.

ಈ ಲಾಭ ಸಿಗಬೇಕಾದರೆ ಒಂದು ಷರತ್ತು. ಆಯತದ ಪದದಲ್ಲಿ 3 ಅನ್ನೇ ಉಳಿಸಿಕೊಳ್ಳಬೇಕು. "x 1.2 ಆದರೆ y ಕೂಡ f(1.2) ಆಗಬೇಕಲ್ಲ" ಎಂದು 2.928 ಹಾಕಿದರೆ ಉತ್ತರ 2.2752 ಕ್ಕೆ ಇಳಿಯುತ್ತದೆ. ಅದು 2.928 ರವರೆಗಿನ ಅನುಕಲನ. ಲೆಕ್ಕ ಸರಿ, ಆದರೆ ಕೇಳಿದ್ದು ಅದಲ್ಲ.

ಇನ್ನೊಂದು ಬಗೆಯ ತಪ್ಪಿನಲ್ಲಿ ಉತ್ತರ ಋಣವಾಗಿ ಬಂದು ಎಚ್ಚರಿಸುವುದಿಲ್ಲ. f(x) = x³ − x ತೆಗೆದುಕೊಳ್ಳಿ. ಇದು ಏರಿ ಇಳಿದು ಮತ್ತೆ ಏರುತ್ತದೆ, ಪೂರ್ತಿ ಫಲನಕ್ಕೆ ವಿಲೋಮ ಇಲ್ಲ. x ≥ 1 ಎಂಬ ಶಾಖೆಯಲ್ಲಿ ಅದು ಏರುತ್ತಲೇ ಹೋಗುತ್ತದೆ ಎಂದು ಗೊತ್ತುಮಾಡಿಕೊಂಡು, ಅಲ್ಲಿನ ವಿಲೋಮವನ್ನು 0 ಯಿಂದ 6 ರವರೆಗೆ ಅನುಕಲಿಸೋಣ. f(2) = 6 ಆದ್ದರಿಂದ ಮೇಲಿನ ಮಿತಿ 2. ಕೆಳಗಿನ ಮಿತಿಯಲ್ಲಿ f(x) = 0, ಅದು 0 ಯಲ್ಲೂ ಆಗುತ್ತದೆ, 1 ರಲ್ಲೂ ಆಗುತ್ತದೆ. ಅಭ್ಯಾಸಬಲದಿಂದ 0 ಹಾಕಿದರೆ 12 − (4 − 2) = 10. ಸರಿಯಾದ 1 ಹಾಕಿದರೆ 12 − (15/4 − 3/2) = 39/4, ಅಂದರೆ 9.75. ಎರಡೂ ನಂಬುವಂತೆಯೇ ಇವೆ. 6 ಕ್ಕೂ 12 ಕ್ಕೂ ನಡುವೆ ಇರಬೇಕೆಂಬ ಒರಟು ಪರೀಕ್ಷೆಯನ್ನು ಎರಡೂ ದಾಟುತ್ತವೆ. ಕೆಳಗಿನ ಮಿತಿಯಲ್ಲಿ a·c ಪದ ಹೇಗೂ ಸೊನ್ನೆಯಾಗುವುದರಿಂದ a ಯಾವುದೆಂಬ ಪ್ರಶ್ನೆಯೇ ಮರೆತುಹೋಗುತ್ತದೆ, F ನಲ್ಲಿ ಮಾತ್ರ ಅದು ಕುಳಿತಿರುತ್ತದೆ. ಆದ್ದರಿಂದ ಲೆಕ್ಕ ಶುರುಮಾಡುವ ಮೊದಲೇ ಶಾಖೆ ಯಾವುದೆಂದು ಬರೆದಿಟ್ಟುಕೊಳ್ಳಬೇಕು.

ಇಳಿಯುವ ಫಲನಗಳಿಗೆ ಬೇರೆ ಸೂತ್ರ ಬೇಕಿಲ್ಲ, ಮಿತಿಗಳ ಕ್ರಮ ಕೆಡಿಸದಿದ್ದರೆ ಸಾಕು. cos ನ ವಿಲೋಮವನ್ನು 0 ಯಿಂದ 1 ರವರೆಗೆ ಅನುಕಲಿಸುವಾಗ y = 0 ಗೆ x = π/2, y = 1 ಕ್ಕೆ x = 0. ಆಯತದ ಎರಡೂ ಪದ ಸೊನ್ನೆ; ಉಳಿದದ್ದು π/2 ಯಿಂದ 0 ವರೆಗಿನ cos ನ ಅನುಕಲನ, ಅದು −1, ಮುಂದಿನ ಕಳೆ ಚಿಹ್ನೆ ಸೇರಿ ಉತ್ತರ 1. "ಚಿಕ್ಕದು ಕೆಳಗೆ, ದೊಡ್ಡದು ಮೇಲೆ" ಎಂದು ಮಿತಿಗಳನ್ನು ಜೋಡಿಸಿಬಿಟ್ಟರೆ −1 ಬರುತ್ತದೆ.

ಮಿತಿಯಿಲ್ಲದ ರೂಪದಲ್ಲಿ ಎಡವುವುದು F(f⁻¹(y)) ಎಂಬ ಪದದಲ್ಲಿ. ಅಲ್ಲಿ F(y) ಎಂದು ಬರೆದರೆ ln y ನ ಅನುಕಲನ y ln y − eʸ ಆಗಿಬಿಡುತ್ತದೆ. ನಿಜವಾಗಿ F ಗೆ ಹೋಗಬೇಕಾದದ್ದು ln y, ಹಾಗಾಗಿ ಪದ e^(ln y), ಅಂದರೆ y. ಉತ್ತರ ಎಲ್ಲರಿಗೂ ಗೊತ್ತಿರುವ y ln y − y. ಇಲ್ಲಿ ಸರಳಗೊಳಿಸುವುದು ಒಳ್ಳೆಯದೇ, ಆದರೆ ಅತಿಯಾದರೂ ತೊಂದರೆ. f(x) = x·eˣ ನ ವಿಲೋಮಕ್ಕೆ ಲ್ಯಾಂಬರ್ಟ್ W ಎಂದು ಹೆಸರು. F(x) = (x − 1)eˣ ಆದ್ದರಿಂದ ಅನುಕಲನ y·W − (W − 1)e^W. e^W = y/W ಎಂದು ಬದಲಿಸಿ ಇದನ್ನು y(W − 1 + 1/W) ಎಂದು ಚೊಕ್ಕಗೊಳಿಸುವುದು ರೂಢಿ. 0 ಯಿಂದ e ವರೆಗೆ ಬೇಕಾದಾಗ ಮೇಲಿನ ಮಿತಿ e ಕೊಡುತ್ತದೆ. ಕೆಳಗಿನ ಮಿತಿಯಲ್ಲಿ ಹೊರಗಿನ y ನೋಡಿ ಸೊನ್ನೆ ಎಂದು ಬರೆದರೆ ಉತ್ತರ e. ಅದು ತಪ್ಪು: W(0) = 0, ಹಾಗಾಗಿ y/W ಅಲ್ಲಿ 0/0 ಆಗುತ್ತದೆ, ಅದರ ಸೀಮೆ 1. ಸರಿಯಾದ ಉತ್ತರ e − 1. ಚೊಕ್ಕಗೊಳಿಸುವ ಮೊದಲಿನ ರೂಪದಲ್ಲೇ ಮಿತಿ ಹಾಕಿದ್ದರೆ ಈ ಗೊಂದಲ ಬರುತ್ತಿರಲಿಲ್ಲ.

F ಸಿಗದಿದ್ದರೆ ವಿಧಾನ ಮುಂದೆ ಸಾಗದು, ಅದು ಇದರ ಗಡಿ. ಆದರೆ ನಿರ್ದಿಷ್ಟ ಮಿತಿಗಳ ನಡುವಿನ ಬೆಲೆ ಗೊತ್ತಿದ್ದರೆ F ಇಲ್ಲದೆಯೂ ಕೆಲಸ ಆಗುತ್ತದೆ. √(−ln y) ಯನ್ನು 0 ಯಿಂದ 1 ರವರೆಗೆ ಅನುಕಲಿಸಬೇಕು ಎನ್ನಿ. ಇದು x ≥ 0 ಆದಾಗ e^(−x²) ನ ವಿಲೋಮ. y = 1 ಕ್ಕೆ x = 0, y ಸೊನ್ನೆಯತ್ತ ಹೋದಂತೆ x ಅನಂತದತ್ತ ಹೋಗುತ್ತದೆ. ಆಯತದ ಪದ x·e^(−x²), ಅನಂತದಲ್ಲಿ ಅದು ಸೊನ್ನೆಗೆ ಇಳಿಯುತ್ತದೆ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಇಳಿಯದಿದ್ದರೆ ಮುಂದಿನ ಹೆಜ್ಜೆಗೆ ಅರ್ಥವಿಲ್ಲ. ಇಳಿಯುತ್ತದೆ. ಉಳಿದದ್ದು 0 ಯಿಂದ ಅನಂತದವರೆಗೆ e^(−x²) ನ ಅನುಕಲನ, ಉತ್ತರ √π/2.