ಸ್ಯಾಂಡ್‌ವಿಚ್ ಮಾಡಿ ಹಚ್ಚಿದರೂ ರೆಟಿನಾಲ್ ಉರಿಯುತ್ತದೆ, ಯಾಕೆ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ವಿಟಮಿನ್ ಸಿ ಹಚ್ಚಿದರೆ ಉರಿ, ಸ್ಯಾಲಿಸಿಲಿಕ್ ಹಚ್ಚಿದರೆ ಉರಿ. ರೆಟಿನಾಲನ್ನು ಎರಡು ಪದರ ಮಾಯಿಶ್ಚರೈಸರ್ ನಡುವೆ ಹಾಕಿ ನೋಡಿದೆ, ಅದೂ ಉರಿಯುತ್ತದೆ. ನನ್ನ ಮುಖಕ್ಕೆ ರೆಟಿನಾಲ್ ಆಗಿಬರುವುದೇ ಇಲ್ವಾ?"

ಈ ಪ್ರಶ್ನೆ ನನಗೆ ತುಂಬ ಸಲ ಬರುತ್ತದೆ. ನಾನು ವಾಪಸ್ ಕೇಳುವುದು ಒಂದೇ: ಉರಿ ಯಾವಾಗ ಶುರುವಾಯಿತು? ಮೊದಲ ಪದರ ಹಚ್ಚುವಾಗಲೇ, ರೆಟಿನಾಲ್ ಹಾಕಿದ ಎರಡು ನಿಮಿಷಕ್ಕೆ, ಅಥವಾ ಎರಡು ದಿನ ಬಿಟ್ಟು? ಹೆಚ್ಚಿನವರು ಇದನ್ನು ಗಮನಿಸಿರುವುದೇ ಇಲ್ಲ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ.

ರೆಟಿನಾಲ್ ಹಚ್ಚಿದ ಕೂಡಲೇ ಕೆಲಸ ಮಾಡುವ ವಸ್ತು ಅಲ್ಲ. ಅದು ಚರ್ಮದೊಳಗೆ ಹೋಗಿ, ಎರಡು ಹಂತದಲ್ಲಿ ರೆಟಿನಾಯಿಕ್ ಆಸಿಡ್ ಆಗಿ ಬದಲಾದ ಮೇಲೆಯೇ ಅದರ ಪರಿಣಾಮ ಶುರು. ಹಾಗಾಗಿ ರೆಟಿನಾಲಿನದ್ದೇ ಆದ ತೊಂದರೆ ಸಾಮಾನ್ಯವಾಗಿ ತಡವಾಗಿ ಕಾಣುತ್ತದೆ. ಎರಡನೇ ಅಥವಾ ಮೂರನೇ ದಿನ ಮುಖ ಬಿಗಿಯುವುದು, ಬಾಯಿಯ ಸುತ್ತ ಸಿಪ್ಪೆ ಏಳುವುದು, ಮೂಗಿನ ಪಕ್ಕ ಕೆಂಪಾಗುವುದು. ಸ್ಯಾಂಡ್‌ವಿಚ್ ಮಾಡುವುದು ಇದಕ್ಕೆ. ಮಾಯಿಶ್ಚರೈಸರ್ ರೆಟಿನಾಲನ್ನು ತೆಳುವಾಗಿಸುತ್ತದೆ, ಒಳಗೆ ಇಳಿಯುವ ವೇಗ ಕಡಿಮೆ ಮಾಡುತ್ತದೆ. ಬಫರಿಂಗ್ ಅಂದರೂ ಇದೇ.

ಹಚ್ಚಿದ ಎರಡೇ ನಿಮಿಷಕ್ಕೆ ಚುರುಚುರು ಅಂದರೆ ಸಂಶಯ ಮೊದಲು ಹೋಗಬೇಕಾದದ್ದು ಸೀರಮ್ಮಿನ ಉಳಿದ ಸಾಮಗ್ರಿಗಳ ಮೇಲೆ. ಅದರಲ್ಲಿ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್, ಪರಿಮಳ ಉಂಟಾ ನೋಡಿ. ಅಂಥದ್ದನ್ನು ಬಿಟ್ಟು ಕ್ರೀಮ್ ರೂಪದ, ವಾಸನೆ ಇಲ್ಲದ ರೆಟಿನಾಲ್ ತೆಗೆದುಕೊಂಡರೆ ಎಷ್ಟೋ ಜನರ ಉರಿ ಅಲ್ಲಿಗೇ ಕಡಿಮೆಯಾಗುತ್ತದೆ.

ಮೊದಲ ಪದರವೇ, ಅಂದರೆ ಬರೀ ಮಾಯಿಶ್ಚರೈಸರೇ ಉರಿದರೆ? ಆಗ ರೆಟಿನಾಲಿನ ಮಾತೇ ಬೇಡ. ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಇರುವ ಕೊಬ್ಬು ತೊಳೆದುಹೋಗಿದೆ, ಏನು ಹಚ್ಚಿದರೂ ನೇರ ನರದ ತುದಿಗೆ ತಾಗುತ್ತಿದೆ ಅಂತ ಅರ್ಥ. ಇಂಥ ಮುಖಕ್ಕೆ ಎಷ್ಟು ಪದರ ಸ್ಯಾಂಡ್‌ವಿಚ್ ಮಾಡಿದರೂ ಅಷ್ಟೇ.

ಸುರತ್ಕಲ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು ಇದೇ. ರಾತ್ರಿ ಹಂಡೆಯ ಬಿಸಿನೀರಿನಲ್ಲಿ ಸ್ನಾನ, ನೊರೆ ಬರುವ ಫೇಸ್‌ವಾಶ್, ಒದ್ದೆ ಮುಖಕ್ಕೇ ಲೋಷನ್, ಅದು ಆರುವ ಮೊದಲೇ 0.3% ರೆಟಿನಾಲ್, ಮೇಲೆ ಮತ್ತೆ ಲೋಷನ್. "ಅಕ್ಕ, ನಾನು ಎಲ್ಲ ಸರಿಯಾಗೇ ಮಾಡ್ತಿದ್ದೇನಲ್ಲ" ಅಂತ ಅವಳ ಬೇಸರ. ಮೂರು ರಾತ್ರಿ ಬರೀ ಲೋಷನ್ ಹಚ್ಚು, ಬೇರೆ ಏನೂ ಬೇಡ ಅಂದೆ. ಮೊದಲ ರಾತ್ರಿಯೇ ಎರಡೂ ಕೆನ್ನೆ, ಮೂಗಿನ ಸಂದು ಉರಿಯಿತು. ಬಾಟಲಿ ತಿರುಗಿಸಿ ನೋಡಿದರೆ ಸಾಮಗ್ರಿಗಳ ಪಟ್ಟಿಯಲ್ಲಿ ಲ್ಯಾಕ್ಟಿಕ್ ಆಸಿಡ್, ಯೂರಿಯಾ, ಕೊನೆಯಲ್ಲಿ ಪರಿಮಳ! ಗಟ್ಟಿ ಚರ್ಮದವರಿಗೆ ಇವು ಒಳ್ಳೆಯದೇ, ಬಿರುಕುಬಿಟ್ಟ ಹಿಮ್ಮಡಿಗಂತೂ ಯೂರಿಯಾ ಬಹಳ ಒಳ್ಳೆಯದು. ಆದರೆ ಉರಿಯುವ ಮುಖಕ್ಕೆ ಅಲ್ಲ. ಅವಳು ರೆಟಿನಾಲನ್ನು ಕಾಪಾಡಲು ಇಟ್ಟ ಪದರವೇ ಅವಳನ್ನು ಉರಿಸುತ್ತಿತ್ತು.

ಆಮೇಲೆ ನಾಲ್ಕು ವಾರ ಎಲ್ಲ ಆಕ್ಟಿವ್ ಬಂದ್. ಬೆಳಿಗ್ಗೆ ಬರೀ ತಣ್ಣೀರು, ರಾತ್ರಿ ನೊರೆ ಬರದ ಕ್ಲೆನ್ಸರ್, ಗ್ಲಿಸರಿನ್ ಮತ್ತು ಸೆರಮೈಡ್ ಇರುವ ವಾಸನೆಯಿಲ್ಲದ ಕ್ರೀಮ್, ಹಗಲು ಸನ್‌ಸ್ಕ್ರೀನ್. ಸತತ ಒಂದು ವಾರ ಕ್ರೀಮ್ ಹಚ್ಚಿದಾಗ ಏನೂ ಅನಿಸದೆ ಇದ್ದ ಮೇಲೆಯೇ ರೆಟಿನಾಲ್ ಹೊರಗೆ ತೆಗೆದದ್ದು, ಅದೂ 0.1%ರ ಕ್ರೀಮ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಏನು ಹಚ್ಚಿದರೂ ಉರಿಯುವ ಮುಖ ಅಂದರೆ ಹಳೆಯ ಟ್ಯೂಬ್‌ಗಳನ್ನು ನೆನಪು ಮಾಡಿಕೊಳ್ಳಿ. ಬಿಳಿಯಾಗಲಿಕ್ಕೆ, ಕಲೆ ಹೋಗಲಿಕ್ಕೆ ಅಂತ ಚೀಟಿ ಇಲ್ಲದೆ ಮೆಡಿಕಲ್‌ನಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ಕ್ರೀಮಿನಲ್ಲಿ ಮೊಮೆಟಾಸೋನ್, ಬೆಟಾಮೆಥಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಇದ್ದರೆ ಅದು ಸ್ಟೆರಾಯ್ಡ್. ಅದರಿಂದ ಚರ್ಮ ತೆಳುವಾಗಿರುತ್ತದೆ. ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ ಅಂತ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಇದು ಮನೆಯಲ್ಲಿ ಸರಿಮಾಡುವ ವಿಷಯ ಅಲ್ಲ. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಈಗ ಹಚ್ಚುವ ಕ್ರಮ. ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮ ಜಾಸ್ತಿ ಹೀರಿಕೊಳ್ಳುತ್ತದೆ. ಮೂಗಿನ ಸಂದು, ಬಾಯಿಯ ಮೂಲೆ, ಕಣ್ಣಿನ ಕೊನೆ, ಈ ಮೂರು ಕಡೆ ತೆಳುವಾಗಿ ವ್ಯಾಸಲೀನ್ ಒತ್ತಿ. ಉಳಿದ ಕಡೆ ಕ್ರೀಮಿನ ತೆಳು ಪದರ. ಇಪ್ಪತ್ತು ನಿಮಿಷ ಬಿಟ್ಟು ರೆಟಿನಾಲ್. ಎಲ್ಲರೂ ಬಟಾಣಿ ಕಾಳಿನಷ್ಟು ಅನ್ನುತ್ತಾರೆ, ನಿಮಗೆ ಶುರುವಿಗೆ ಎರಡು ಹೆಸರುಕಾಳಿನಷ್ಟು ಸಾಕು. ಹಣೆ, ಕೆನ್ನೆ, ಗಲ್ಲದಲ್ಲಿ ಚುಕ್ಕಿ ಇಟ್ಟು ಹರಡಿ. ಹತ್ತು ನಿಮಿಷ ಬಿಟ್ಟು ಮೇಲಿನ ಪದರ. ನಾಲ್ಕು ರಾತ್ರಿಗೆ ಒಂದು ಸಲ ಮಾತ್ರ, ಯಾಕೆಂದರೆ ತಡವಾಗಿ ಬರುವ ಉರಿ ನಡುವಿನ ಮೂರು ದಿನದಲ್ಲಿ ಕಾಣಿಸಿಕೊಳ್ಳಬೇಕು. ದಿನ ಬಿಟ್ಟು ದಿನ ಹಚ್ಚಿದರೆ ಯಾವ ಸಲದ್ದು ಯಾವುದು ಅಂತ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ. ಮಳೆಗಾಲದಲ್ಲಿ ಕ್ರೀಮ್ ಆರುವುದೇ ಇಲ್ಲ, ಏಪ್ರಿಲ್–ಮೇಯಲ್ಲಿ ಬೆವರು ನಿಲ್ಲುವುದಿಲ್ಲ. ಕೆಳಗಿನ ಪದರ ಜಾರುತ್ತಿರುವಾಗ ರೆಟಿನಾಲ್ ಹಾಕಿದರೆ ಅದು ಬೆವರಿನೊಂದಿಗೆ ಇಳಿದು ಮೂಗಿನ ಸಂದಿಯಲ್ಲಿ, ಕಣ್ಣಿನ ಪಕ್ಕದಲ್ಲಿ ಸೇರುತ್ತದೆ. ನನ್ನ ತಂಗಿಗೆ ಸಿಪ್ಪೆ ಎದ್ದದ್ದು ಕೂಡ ಬರೀ ಅಲ್ಲೇ. ಫ್ಯಾನ್ ಕೆಳಗೆ ಕೂತು ಆರಿಸಿ, ಬೆರಳಿನ ಹಿಂಬದಿ ಮುಟ್ಟಿಸಿ ನೋಡಿ. ಅಂಟಿದರೆ ಇನ್ನೂ ಕಾಯಬೇಕು. ಮಲಗುವ ಹೊತ್ತಿಗೆ ಅಲ್ಲ, ಊಟಕ್ಕೆ ಮೊದಲೇ ಮೊದಲ ಪದರ ಹಾಕಿಬಿಟ್ಟರೆ ಸುಲಭ. ಮಾಯಿಶ್ಚರೈಸರ್ ಬದಲು ತೆಂಗಿನೆಣ್ಣೆ ಆಗುತ್ತದಾ ಅಂತ ಕೇಳುವವರೂ ಇದ್ದಾರೆ. ಬೇಡ. ಎಣ್ಣೆಯ ಮೇಲೆ ಸೀರಮ್ ಸಮನಾಗಿ ಹರಡುವುದಿಲ್ಲ, ಮೊಡವೆ ಬರುವ ಮುಖಕ್ಕೆ ಅದು ಇನ್ನಷ್ಟು ಮೊಡವೆ ತರಬಹುದು.

ಗರ್ಭಿಣಿಯರು, ಗರ್ಭ ಧರಿಸುವ ಯೋಚನೆ ಇರುವವರು ರೆಟಿನಾಲನ್ನು ಯಾವ ರೀತಿಯಲ್ಲೂ ಹಚ್ಚಬೇಡಿ.

ಎರಡೂ ಕಡೆ ಪದರ ಹಾಕಿದರೆ ಉರಿಯ ಜೊತೆ ಕೆಲಸವೂ ಕಡಿಮೆಯಾಗುತ್ತದೆ, ಅದು ಗೊತ್ತಿರಲಿ. ಅದಕ್ಕೇ ಇದು ಶುರುವಿನ ಏರ್ಪಾಡು. ಆರೇಳು ಸಲ ಹಚ್ಚಿದ ಮೇಲೂ ಸಿಪ್ಪೆ, ಕೆಂಪು ಇಲ್ಲದಿದ್ದರೆ ಮೂರು ರಾತ್ರಿಗೊಮ್ಮೆ ಮಾಡಿ. ಅದೂ ಹಿಡಿಸಿದರೆ ಕೆಳಗಿನ ಪದರ ಬಿಟ್ಟು, ಒಣ ಮುಖಕ್ಕೆ ರೆಟಿನಾಲ್, ಮೇಲೆ ಮಾತ್ರ ಕ್ರೀಮ್. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಎರಡು ವಾರ ಕಾಯುವುದು. ಚರ್ಮದ ಮೇಲೆ ಗುಣ ಕಾಣಲು ಹೇಗೂ ಮೂರು ತಿಂಗಳಾದರೂ ಬೇಕು. ನನ್ನ ತಂಗಿ ಐದು ತಿಂಗಳ ಮೇಲೆ ಈಗ ಮೂರು ರಾತ್ರಿಗೊಮ್ಮೆ ಹಚ್ಚುತ್ತಾಳೆ, ಕೆಳಗಿನ ಪದರ ಬಿಡಲು ಒಮ್ಮೆ ನೋಡಿದಳು, ಉರಿಯಿತು, ವಾಪಸ್ ಹಾಕಿಕೊಂಡಳು. ಗಲ್ಲದ ಮೇಲಿನ ಒರಟು ಹೋಗಿದೆ. ಮೂಗಿನ ಸಂದಿಗೆ ವ್ಯಾಸಲೀನ್ ಮಾತ್ರ ಇವತ್ತಿಗೂ ತಪ್ಪಿಸುವುದಿಲ್ಲ.