ದುಪ್ಪಟ್ಟಿನ ಲೆಕ್ಕದಲ್ಲಿ 72 ಎಲ್ಲಿಂದ ಬಂತು?

ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಬಡ್ಡಿ ಶೇ. 7.5, ಹಣ ದುಪ್ಪಟ್ಟಾಗುವ ಅವಧಿ 115 ತಿಂಗಳು. ಈ 115 ಅನ್ನು ಬಾಯಿಲೆಕ್ಕದಲ್ಲೇ ಹಿಡಿಯಬಹುದು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ, ಅಂದರೆ 115 ತಿಂಗಳ ಮೇಲೆ ಆರು ದಿನ. ಚಕ್ರಬಡ್ಡಿ ಇರುವಲ್ಲೆಲ್ಲ ಜನ ಬಳಸುವ ಸೂತ್ರ ಇದೇ: 72ನ್ನು ಬಡ್ಡಿದರದಿಂದ ಭಾಗಿಸಿದರೆ ಅಸಲು ಎರಡರಷ್ಟಾಗಲು ಬೇಕಾದ ವರ್ಷಗಳು ಸಿಗುತ್ತವೆ. ಇಟಲಿಯ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ, ಆದರೆ ಕಾರಣ ಕೊಟ್ಟಿಲ್ಲ. ಕಾರಣ ಹೇಳಲು ಬೇಕಾದ ಲಾಗರಿದಮ್ ಪ್ರಕಟವಾದದ್ದು 1614ರಲ್ಲಿ.

ಆ ಕಾರಣ ನೋಡೋಣ. ಬಡ್ಡಿದರ r ಇದ್ದರೆ ಹಣ ಪ್ರತಿ ವರ್ಷ (1 + r)ರಷ್ಟು ಪಟ್ಟು ಆಗುತ್ತದೆ. t ವರ್ಷಗಳಲ್ಲಿ ಅದು ಎರಡು ಪಟ್ಟಾಗಬೇಕು:

(1 + r)^t = 2

ಎರಡೂ ಕಡೆ ಸಹಜ ಲಾಗರಿದಮ್ ತೆಗೆದುಕೊಂಡರೆ t = 0.693 / ln(1 + r). ದರ ತೀರಾ ಚಿಕ್ಕದಾಗಿದ್ದಾಗ ln(1 + r) ಹೆಚ್ಚುಕಡಿಮೆ r ಆಗಿಯೇ ಇರುತ್ತದೆ. ಆಗ ದರವನ್ನು ಶೇಕಡಾದಲ್ಲಿ ಬರೆದರೆ ಉತ್ತರ 69.3 / ದರ. ಅಂದರೆ ಗಣಿತದಿಂದ ನೇರವಾಗಿ ಹುಟ್ಟುವ ಸಂಖ್ಯೆ 69.3; 72 ಅಲ್ಲ.

ಬಡ್ಡಿ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತಾ ಹೋದರೆ ಈ 69.3 ಪೂರ್ತಿ ಸರಿ. ಆದರೆ ವರ್ಷಕ್ಕೊಮ್ಮೆ ಸೇರುವ ಬಡ್ಡಿ ತಾನೂ ಬಡ್ಡಿ ದುಡಿಯಲು ವರ್ಷದ ಕೊನೆಯವರೆಗೆ ಕಾಯಬೇಕು. ಹಾಗಾಗಿ ದುಪ್ಪಟ್ಟಾಗುವುದು ಸ್ವಲ್ಪ ತಡ, ಮೇಲಿನ ಸಂಖ್ಯೆಯೂ ಅಷ್ಟು ದೊಡ್ಡದು. ಶೇ. 8ರಲ್ಲಿ ln(1.08) ಬೆಲೆ 0.08 ಅಲ್ಲ, 0.07696. ಇದರಿಂದ 0.693ನ್ನು ಭಾಗಿಸಿದರೆ 9 ವರ್ಷ ಬರುತ್ತದೆ. 9 ಗುಣಿಸು 8 ಅಂದರೆ 72. ಹತ್ತು ಸಾವಿರ ರೂಪಾಯಿಯನ್ನು ಶೇ. 8ರಲ್ಲಿ ಒಂಬತ್ತು ವರ್ಷ ಬೆಳೆಸಿ ನೋಡಿ: 19,990 ರೂಪಾಯಿ ಆಗುತ್ತದೆ, ಹತ್ತೇ ರೂಪಾಯಿ ಕಡಿಮೆ. 72 ಇಷ್ಟು ನೆಲೆಯೂರಲು ಇನ್ನೊಂದು ಅನುಕೂಲವೂ ಇದೆ: 2, 3, 4, 6, 8, 9, 12 ಇವುಗಳಿಂದ ಅದನ್ನು ಶೇಷವಿಲ್ಲದೆ ಭಾಗಿಸಬಹುದು.

ಹೀಗಾಗಿ 72 ಎನ್ನುವುದು ಶೇ. 8ರ ಆಸುಪಾಸಿಗೆ ಸೇರಿದ ಸಂಖ್ಯೆ. ದರ ಮೂರು ಏರಿದರೆ ಅದಕ್ಕೆ ಒಂದು ಕೂಡಿಸಬೇಕು, ಮೂರು ಇಳಿದರೆ ಒಂದು ಕಳೆಯಬೇಕು. ಶೇ. 2ಕ್ಕೆ 70, ಶೇ. 14ಕ್ಕೆ 74. ಬೆಲೆಗಳು ವರ್ಷಕ್ಕೆ ಶೇ. 2ರಂತೆ ಏರಿದರೆ ದುಪ್ಪಟ್ಟಾಗಲು 35 ವರ್ಷ ಸಾಕು, ಆದರೆ 72ರ ಲೆಕ್ಕ 36 ಎನ್ನುತ್ತದೆ. ಕಿಸಾನ್ ವಿಕಾಸ ಪತ್ರವೇ 1988ರಲ್ಲಿ ಶುರುವಾದಾಗ ಐದೂವರೆ ವರ್ಷಕ್ಕೆ ಹಣ ದುಪ್ಪಟ್ಟು ಮಾಡುತ್ತಿತ್ತು. 72ನ್ನು 5.5ರಿಂದ ಭಾಗಿಸಿದರೆ ಅದರ ದರ ಶೇ. 13.1 ಎಂದು ಕಾಣುತ್ತದೆ. ನಿಜವಾಗಿ ಅದು ಶೇ. 13.4. ದರ ಎಂಟರಿಂದ ಐದೂವರೆಯಷ್ಟು ಮೇಲಿರುವುದರಿಂದ 72ರ ಬದಲು 73.8 ಇಟ್ಟುಕೊಳ್ಳಬೇಕು, ಆಗ ಸರಿಯಾದ ದರವೇ ಸಿಗುತ್ತದೆ. ಈ ತಿದ್ದುಪಡಿಗೂ ಮಿತಿಯಿದೆ. ಶೇ. 100ರಲ್ಲಿ ಹಣ ಒಂದೇ ವರ್ಷಕ್ಕೆ ದುಪ್ಪಟ್ಟಾಗುತ್ತದೆ, ಅಂದರೆ ಬೇಕಾದ ಸಂಖ್ಯೆ ಸರಿಯಾಗಿ 100; ತಿದ್ದುಪಡಿ ಕೊಡುವುದು ಸುಮಾರು 103.

ನನ್ನ ಮಟ್ಟಿಗೆ ಜನರು ಹೆಚ್ಚು ಎಡವುವುದು ದರದ ಗಾತ್ರದಲ್ಲಲ್ಲ, ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆ ಎಂಬುದರಲ್ಲಿ. ಶೇ. 8ರ ಠೇವಣಿಯಲ್ಲಿ ಬಡ್ಡಿ ಮೂರು ತಿಂಗಳಿಗೊಮ್ಮೆ ಸೇರಿದರೆ, ಆ ಮೂರು ತಿಂಗಳ ದರ ಶೇ. 2. ಆಗ 70ನ್ನು 2ರಿಂದ ಭಾಗಿಸಿ: 35 ತ್ರೈಮಾಸಿಕ, ಎಂಟು ವರ್ಷ ಒಂಬತ್ತು ತಿಂಗಳು.

ಸಾಲದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತೆಗೆದುಕೊಂಡು ಏನೂ ಕಟ್ಟಲಿಲ್ಲ ಎಂದುಕೊಳ್ಳಿ. 72ರ ಸೂತ್ರ 24 ತಿಂಗಳಲ್ಲಿ ಸಾಲ ದುಪ್ಪಟ್ಟು ಎನ್ನುತ್ತದೆ. ಕಟ್ಟದ ಬಡ್ಡಿಯನ್ನು ಪ್ರತಿ ತಿಂಗಳೂ ಅಸಲಿಗೆ ಸೇರಿಸಿದರೆ ಇಪ್ಪತ್ತಮೂರೂವರೆ ತಿಂಗಳಿಗೇ ಹಾಗಾಗುತ್ತದೆ. ವರ್ಷಕ್ಕೊಮ್ಮೆ ಶೇ. 36ರಂತೆ ಸೇರಿಸಿದರೆ ಸುಮಾರು 27 ತಿಂಗಳು ಬೇಕು. ಸೇರಿಸದೆ ಅಸಲಿನ ಮೇಲಷ್ಟೇ ಬಡ್ಡಿ ಹಾಕಿದರೆ ಅದು ಸರಳ ಬಡ್ಡಿ. ಅಲ್ಲಿ 72ಕ್ಕೆ ಕೆಲಸವೇ ಇಲ್ಲ, 100ನ್ನು ಮೂರರಿಂದ ಭಾಗಿಸಬೇಕು, ಮೂವತ್ತಮೂರು ತಿಂಗಳು ಹತ್ತು ದಿನ.